ಸೀಲು ಒಡೆದ ಬಾಟಲಿ: ಆನ್‌ಲೈನ್ ಮಾರಾಟಗಾರನಿಗೆ ಬರೆಯುವ ದೂರುಪತ್ರ

ಆನ್‌ಲೈನಿನಲ್ಲಿ ತರಿಸಿದ ವಿಟಮಿನ್ ಮಾತ್ರೆಯ ಬಾಟಲಿಯ ಸೀಲು ಒಡೆದಿದೆ, ಮೇಲಾಗಿ ಅದರ ಅವಧಿಯೂ ಮುಗಿಯುತ್ತ ಬಂದಿದೆ ಎಂದರೆ ಮಾರಾಟಗಾರನಿಗೆ ಬರೆಯುವ ಪತ್ರದಲ್ಲಿ ಎರಡು ದೂರುಗಳು ಸೇರುತ್ತವೆ. ಎರಡೂ ಒಂದೇ ಬಾಟಲಿಯ ಮೇಲಿನ ದೂರುಗಳಾದರೂ ಅವುಗಳ ದಾರಿ ಬೇರೆ. ಸೀಲಿನ ದೂರು ಕಣ್ಣಿಗೆ ಕಾಣುವ ದೋಷದ ಮಾತು, ಅದಕ್ಕೆ ಚಿತ್ರವೇ ಸಾಕ್ಷಿ. ಅವಧಿಯ ದೂರು ಲೆಕ್ಕದ ಮಾತು, ಅದಕ್ಕೆ ತಾರೀಖುಗಳೇ ಸಾಕ್ಷಿ. ಎರಡನ್ನೂ ಕಲಸಿ, ಜೊತೆಗೆ ಸಿಟ್ಟನ್ನೂ ಬೆರೆಸಿ ಬರೆದ ಪತ್ರಕ್ಕೆ ಕಂಪನಿಯಿಂದ ಬರುವುದು ಮೊದಲೇ ಅಚ್ಚು ಹಾಕಿಟ್ಟ ಉತ್ತರ. ಬಿಡಿಸಿ ಬರೆದ ಪತ್ರದಲ್ಲಾದರೆ ಒಂದು ದೂರಿಗೆ ಏನಾದರೂ ನೆಪ ಸಿಕ್ಕರೂ ಇನ್ನೊಂದು ದೂರು ಹಾಗೆಯೇ ನಿಂತಿರುತ್ತದೆ.

ಈ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಊರುಗಳಿಗೆ ಹೆಚ್ಚು ಅನ್ವಯಿಸುತ್ತದೆ. ಬೆಂಗಳೂರಿನ ಗ್ರಾಹಕನಿಗೆ ವಸ್ತು ಹಿಂತಿರುಗಿಸುವುದು ಸುಲಭ. ಮರುದಿನವೇ ಹುಡುಗ ಬಂದು ಒಯ್ಯುತ್ತಾನೆ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯ ಪಿನ್‌ಕೋಡಿಗೆ ವಸ್ತು ತಲುಪಿಸುವ ಕಂಪನಿಯೇ, ಅದನ್ನು ಹಿಂದಕ್ಕೆ ಒಯ್ಯುವ ಸೌಕರ್ಯ ಆ ಪಿನ್‌ಕೋಡಿಗೆ ಇಲ್ಲ ಎಂದು ಹೇಳುವುದುಂಟು. ಹೀಗಾಗಿ ಹಳ್ಳಿಯ ಗ್ರಾಹಕನ ಕೈಯಲ್ಲಿ ಉಳಿಯುವ ಸಾಧನ ಪತ್ರವೊಂದೇ. ಅದು ಗಟ್ಟಿಯಾಗಿರಬೇಕು.

ಮೊದಲು ಬಾಟಲಿಯಲ್ಲಿರುವುದು ಔಷಧವೋ ಆಹಾರವೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ದೂರು ಹೋಗುವ ಇಲಾಖೆ ಅದರ ಮೇಲೆ ನಿಂತಿದೆ. ವಿಟಮಿನ್ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ಪ್ರೋಟೀನ್ ಪುಡಿ, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ನೋಡಲು ಔಷಧದ ಹಾಗೆಯೇ ಇರುತ್ತವೆ. ಆದರೆ ಲೇಬಲ್ಲಿನ ಮೇಲೆ ‘ಹೆಲ್ತ್ ಸಪ್ಲಿಮೆಂಟ್’ ಎಂದೂ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದೂ ಇದ್ದು, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಅಚ್ಚಾಗಿದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಅದರ ಬದಲು ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಔಷಧ, ಅದರ ದೂರು ಔಷಧ ನಿಯಂತ್ರಣ ಇಲಾಖೆಗೆ ಸೇರಿದ್ದು. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಎರಡು ಬಾಟಲಿಗಳಲ್ಲಿ ಒಂದು ಔಷಧವಾಗಿ ಇನ್ನೊಂದು ಆಹಾರವಾಗಿರಬಹುದು. ಇಲ್ಲಿ ವಿವರಿಸುತ್ತಿರುವುದು ಆಹಾರದ ಗುಂಪಿಗೆ ಸೇರಿದ ಪೂರಕಗಳ ಬಗ್ಗೆ.

ಇನ್ನು ಸೀಲು. ಇಂಥ ಬಾಟಲಿಗೆ ಸಾಮಾನ್ಯವಾಗಿ ಎರಡು ಕಾವಲು ಇರುತ್ತವೆ. ಹೊರಗಡೆ ಮುಚ್ಚಳ ಮತ್ತು ಕುತ್ತಿಗೆಯನ್ನು ಸೇರಿಸಿ ಬಿಗಿದ ತೆಳು ಪ್ಲಾಸ್ಟಿಕ್ ಪಟ್ಟಿ. ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಬಾಟಲಿಯ ಬಾಯಿಗೆ ಅಂಟಿಕೊಂಡ ಬೆಳ್ಳಿ ಬಣ್ಣದ ಹಾಳೆ. ಈ ಹಾಳೆ ಬರಿಯ ಅಂಟಿನಿಂದ ಅಂಟಿಸಿದ್ದಲ್ಲ. ಅಲ್ಯೂಮಿನಿಯಂ ಹಾಳೆಯ ಕೆಳಮೈಗೆ ಪ್ಲಾಸ್ಟಿಕ್ಕಿನ ಪದರ ಇರುತ್ತದೆ. ಮುಚ್ಚಳ ಹಾಕಿದ ಬಾಟಲಿ ಯಂತ್ರದ ಕೆಳಗೆ ಹಾದುಹೋಗುವಾಗ ವಿದ್ಯುತ್ಕಾಂತ ಪ್ರೇರಣೆಯಿಂದ ಅಲ್ಯೂಮಿನಿಯಂ ಕಾಯುತ್ತದೆ, ಪ್ಲಾಸ್ಟಿಕ್ ಪದರ ಕರಗಿ ಬಾಟಲಿಯ ಅಂಚಿಗೆ ಬೆಸೆದುಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಕಿತ್ತ ಹಾಳೆಯನ್ನು ಗುರುತು ಉಳಿಯದಂತೆ ಮತ್ತೆ ಕೂರಿಸುವುದು ಮನೆಯಲ್ಲಾಗಲಿ ಗೋದಾಮಿನಲ್ಲಾಗಲಿ ಸುಲಭದ ಕೆಲಸವಲ್ಲ.

ಬಾಟಲಿಯ ಬಾಯಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಕಥೆಯ ಬಹುಪಾಲು ತಿಳಿಯುತ್ತದೆ. ಅಂಚಿನ ಮೇಲೆ ಬೆಳ್ಳಿಯ ಚೂರುಗಳೋ ಕಾಗದದ ನಾರಿನಂಥ ಉಂಗುರವೋ ಉಳಿದಿದ್ದರೆ ಹಾಳೆ ಮೊದಲು ಬೆಸೆದಿತ್ತು, ಆಮೇಲೆ ಯಾರೋ ಕಿತ್ತಿದ್ದಾರೆ ಎಂಬ ಸೂಚನೆ. ಅಂಚು ನುಣುಪಾಗಿದ್ದು, ಹಾಳೆ ಇಡಿಯಾಗಿ ಮುಚ್ಚಳದೊಳಗೇ ಅಂಟಿಕೊಂಡಿದ್ದರೆ ಕಾರ್ಖಾನೆಯಲ್ಲೇ ಬೆಸುಗೆ ಸರಿಯಾಗಿ ಆಗಿರದ ಸಂಭವ ಹೆಚ್ಚು. ನಟ್ಟನಡುವೆ ಬೆರಳು ಒತ್ತಿದಂಥ ತೂತು ಇದ್ದರೆ ಮತ್ತೊಂದು ಸಂದೇಹ: ಯಾರೋ ಬಳಸಲು ತೆರೆದು, ಹಿಂತಿರುಗಿಸಿದ ಬಾಟಲಿ ಮತ್ತೆ ಮಾರಾಟಕ್ಕೆ ಬಂದಿರಬಹುದು. ಹೊರಪಟ್ಟಿ ಹರಿದು ಒಳಹಾಳೆ ಗಟ್ಟಿಯಾಗಿಯೇ ಇದ್ದರೆ ಅದು ಸಾಗಣೆಯಲ್ಲಿ ಆದದ್ದಿರಬಹುದು. ಆಗ ಒಳಗಿನ ಮಾತ್ರೆಗೆ ಧಕ್ಕೆಯಾಗಿರುವ ಸಾಧ್ಯತೆ ಕಡಿಮೆ.

ಆದರೆ ಈ ಊಹೆಗಳು ಗ್ರಾಹಕನ ತಿಳಿವಳಿಕೆಗೆ ಮಾತ್ರ. ಪತ್ರದಲ್ಲಿ ಅವುಗಳಿಗೆ ಜಾಗವಿಲ್ಲ. ಗೋದಾಮಿನಲ್ಲಿ ಏನಾಯಿತು ಎಂಬುದನ್ನು ಗ್ರಾಹಕ ಕಂಡಿಲ್ಲ, ಸಾಬೀತು ಮಾಡಲೂ ಆಗುವುದಿಲ್ಲ. ‘ನೀವು ಬಳಸಿದ ಮಾಲು ಕಳಿಸಿದ್ದೀರಿ’ ಎಂದು ಬರೆದರೆ ಕಂಪನಿ ಆ ಆರೋಪವನ್ನು ಅಲ್ಲಗಳೆಯುತ್ತದೆ, ಇಡೀ ವಾದ ಅಲ್ಲಿಗೇ ಹೊರಳುತ್ತದೆ. ‘ಹಾಳೆ ಒಂದು ಬದಿಯಲ್ಲಿ ಅಂಚಿನಿಂದ ಎರಡು ಬೆರಳಗಲ ಎದ್ದಿತ್ತು’ ಎಂದು ಬರೆದರೆ ಅಲ್ಲಗಳೆಯಲು ಏನೂ ಉಳಿಯುವುದಿಲ್ಲ. ಯಾರು ಒಡೆದರೆಂದು ಹೇಳುವ ಹೊಣೆ ಗ್ರಾಹಕನದಲ್ಲ. ಒಡೆದ ಸ್ಥಿತಿಯಲ್ಲಿ ತನ್ನ ಕೈ ಸೇರಿತು ಎಂದು ತೋರಿಸುವುದಷ್ಟೇ ಅವನ ಕೆಲಸ.

ಸೀಲು ಒಡೆದರೆ ಆಗುವ ಕೇಡೇನು ಎಂಬುದನ್ನೂ ಚುಟುಕಾಗಿ ತಿಳಿದಿರಬೇಕು. ಒಳಹಾಳೆ ತಡೆಯುವುದು ಮುಖ್ಯವಾಗಿ ತೇವ ಮತ್ತು ಗಾಳಿಯನ್ನು. ಗಾಳಿ ಸೋಕಿದರೆ ಸಿ ವಿಟಮಿನ್ ಕ್ರಮೇಣ ಶಕ್ತಿ ಕಳೆದುಕೊಳ್ಳುತ್ತದೆ, ಮೀನೆಣ್ಣೆ ಕಮಟುತ್ತದೆ. ತೇವ ಸೇರಿದರೆ ಮಾತ್ರೆಗಳ ಮೇಲೆ ಚುಕ್ಕೆ ಏಳುತ್ತದೆ, ಒಂದಕ್ಕೊಂದು ಅಂಟುತ್ತವೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಒಳಗಿರುವುದು ಲೇಬಲ್ಲಿನಲ್ಲಿ ಬರೆದ ವಸ್ತುವೇ ಎಂಬ ಭರವಸೆ ಸೀಲಿನ ಜೊತೆಗೇ ಹೋಗಿಬಿಡುತ್ತದೆ. ಬಾಟಲಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇನ್ನೂ ಇದೆ ಎಂಬುದು ಇದಕ್ಕೆ ಸಮಾಧಾನವಾಗಲಾರದು. ಇಂಥ ಬಾಟಲಿಯ ಒಂದು ಮಾತ್ರೆಯನ್ನೂ ನುಂಗಬಾರದು. ಆರೋಗ್ಯದ ಮಾತಂತೂ ಇದ್ದೇ ಇದೆ. ಬಳಸಲು ಶುರುಮಾಡಿದ ಗ್ರಾಹಕನ ದೂರು ಸಡಿಲವಾಗುತ್ತದೆ ಎಂಬುದೂ ನಿಜ.

ಅವಧಿಯ ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಮನೆಗೆ 60 ಮಾತ್ರೆಗಳ ವಿಟಮಿನ್ ಬಾಟಲಿ ತರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಲೆ 649 ರೂಪಾಯಿ. ಆರ್ಡರ್ ಹಾಕಿದ್ದು 2025ರ ಜೂನ್ 5ರಂದು, ತಲುಪಿದ್ದು ಜೂನ್ 10ರಂದು. ಲೇಬಲ್ಲಿನ ಮೇಲೆ ತಯಾರಿಕೆ ಆಗಸ್ಟ್ 2023, ಅವಧಿ ಜುಲೈ 2025 ಎಂದಿದೆ. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳಬೇಕೆಂದು ಬರೆದಿದೆ. ತಿಂಗಳು ಮತ್ತು ವರ್ಷ ಮಾತ್ರ ಇದ್ದಾಗ ಆ ತಿಂಗಳ ಕೊನೆಯ ದಿನದವರೆಗೆ ಎಂದು ಎಣಿಸುವುದು ವಾಡಿಕೆ. ಅಂದರೆ ತಲುಪಿದ ದಿನದಿಂದ ಅವಧಿ ಮುಗಿಯಲು ಉಳಿದದ್ದು 51 ದಿನ.

ಆನ್‌ಲೈನಿನಲ್ಲಿ ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಗ್ರಾಹಕನ ಕೈಗೆ ತಲುಪುವಾಗ ವಸ್ತುವಿನ ಒಟ್ಟು ಬಾಳಿಕೆಯಲ್ಲಿ ಶೇಕಡ 30ರಷ್ಟಾದರೂ ಉಳಿದಿರಬೇಕು, ಅಥವಾ ಅವಧಿ ಮುಗಿಯಲು 45 ದಿನವಾದರೂ ಇರಬೇಕು. 2024ರ ನವೆಂಬರಿನಲ್ಲಿ ಪ್ರಾಧಿಕಾರ ಇದನ್ನೇ ಕಂಪನಿಗಳಿಗೆ ಮತ್ತೊಮ್ಮೆ ಹೇಳಿತು. ಗಂಟು ಬೀಳುವುದು ‘ಅಥವಾ’ ಎಂಬಲ್ಲಿ. ಉದಾಹರಣೆಯ ಬಾಟಲಿಯ ಒಟ್ಟು ಬಾಳಿಕೆ 24 ತಿಂಗಳು. ಅದರ ಶೇಕಡ 30 ಎಂದರೆ ಏಳು ತಿಂಗಳಿಗೂ ತುಸು ಹೆಚ್ಚು. ಉಳಿದಿರುವ 51 ದಿನ ಒಟ್ಟು ಬಾಳಿಕೆಯ ಶೇಕಡ ಏಳರಷ್ಟು ಮಾತ್ರ. ಆದರೆ 45 ದಿನದ ಲೆಕ್ಕ ಹಿಡಿದರೆ ಆರು ದಿನ ಹೆಚ್ಚೇ ಇದೆ. ಮಾರಾಟಗಾರ ಈ ಎರಡನೆಯ ಲೆಕ್ಕವನ್ನೇ ಹಿಡಿಯುತ್ತಾನೆ ಎಂಬುದರಲ್ಲಿ ಸಂದೇಹವಿಲ್ಲ. ‘ನಿಯಮ ಮುರಿದಿದ್ದೀರಿ’ ಎಂದು ಅವಧಿಯೊಂದನ್ನೇ ಹಿಡಿದು ಬರೆದ ಪತ್ರ ಇಲ್ಲಿ ಸೋಲುತ್ತದೆ.

ಸೋಲದಿರಲು ಎರಡು ಮಾತು ಬೇಕು. ಒಂದು, ಬಳಕೆಯ ಲೆಕ್ಕ. ದಿನಕ್ಕೊಂದರಂತೆ ಜೂನ್ 11ರಿಂದ ತೆಗೆದುಕೊಂಡರೆ ಜುಲೈ 31ಕ್ಕೆ 51 ಮಾತ್ರೆ ಮುಗಿದು ಒಂಬತ್ತು ಉಳಿಯುತ್ತವೆ. ಲೇಬಲ್ಲಿನಲ್ಲಿ ಹೇಳಿದಂತೆಯೇ ಬಳಸಿದರೂ ಅವಧಿಯೊಳಗೆ ಮುಗಿಸಲಾಗದ ವಸ್ತುವನ್ನು ಪೂರ್ಣ ಬೆಲೆಗೆ ಮಾರಿದ್ದಾರೆ ಎಂಬುದು ಯಾರಿಗೂ ಅರ್ಥವಾಗುವ ಮಾತು. ಇನ್ನೊಂದು, ಮಾರಾಟದ ಪುಟದಲ್ಲಿ ಅವಧಿಯ ದಿನಾಂಕ ತೋರಿಸಿದ್ದರೋ ಇಲ್ಲವೋ ಎಂಬುದು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅವಧಿ ಇರುವ ವಸ್ತುವನ್ನು ಮಾರುವವನು ಆ ದಿನಾಂಕವನ್ನು ಮಾರುವಾಗಲೇ ತಿಳಿಸಬೇಕು. ಬಹಳ ಪುಟಗಳಲ್ಲಿ ಲೇಬಲ್ಲಿನ ಮುಂಬದಿಯ ಚಿತ್ರ ಮಾತ್ರ ಇರುತ್ತದೆ, ದಿನಾಂಕ ಅಚ್ಚಾದ ಬದಿ ಕಾಣುವುದೇ ಇಲ್ಲ. ಜುಲೈಗೆ ಮುಗಿಯುತ್ತದೆಂದು ಮೊದಲೇ ತಿಳಿದಿದ್ದರೆ ಗ್ರಾಹಕ ಕೊಳ್ಳುತ್ತಲೇ ಇರಲಿಲ್ಲ. ಅದನ್ನು ಮುಚ್ಚಿಟ್ಟು ಮಾರಿದ್ದು ಅನ್ಯಾಯ, ಮತ್ತು ಆ ಅನ್ಯಾಯಕ್ಕೆ 45 ದಿನದ ಲೆಕ್ಕ ಉತ್ತರವಾಗುವುದಿಲ್ಲ.

ಲೇಬಲ್ಲನ್ನು ಉಗುರಿನಿಂದ ಸವರಿ ನೋಡುವುದೂ ಅಗತ್ಯ. ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ, ಅಂಕಿ ಕೆರೆದು ಬೇರೆ ಅಚ್ಚು ಹಾಕಿದ್ದರೆ ದೂರಿನ ಸ್ವರೂಪವೇ ಬದಲಾಗುತ್ತದೆ. ಆಗ ಅದು ಹಣ ವಾಪಸಿನ ವಿಷಯವಾಗಿ ಉಳಿಯದೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ನೇರವಾಗಿ ಹೋಗಬೇಕಾದ ವಿಷಯವಾಗುತ್ತದೆ. ತಪ್ಪು ಲೇಬಲ್ಲಿನ ಆಹಾರ ಮಾರಿದರೆ 2006ರ ಕಾಯ್ದೆಯ 52ನೇ ಕಲಮಿನಡಿ ಮೂರು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಸಾಕ್ಷಿ ಕೂಡಿಸುವ ಕೆಲಸ ಪಾರ್ಸೆಲ್ ಬಿಚ್ಚುವ ಮೊದಲೇ ಶುರುವಾಗುತ್ತದೆ. ಹೊರಡಬ್ಬಿಯ ಆರೂ ಮೈ ಕಾಣುವಂತೆ, ವಿಳಾಸದ ಚೀಟಿ ಓದುವಂತೆ ಮೊಬೈಲಿನಲ್ಲಿ ವಿಡಿಯೊ ಶುರುಮಾಡಿ, ನಿಲ್ಲಿಸದೆ ಡಬ್ಬಿ ಬಿಚ್ಚಿ, ಬಾಟಲಿ ತೆಗೆದು, ಪಟ್ಟಿ, ಮುಚ್ಚಳ, ಒಳಹಾಳೆ, ಬ್ಯಾಚ್ ನಂಬರ್, ದಿನಾಂಕ ಎಲ್ಲವನ್ನೂ ಒಂದೇ ಓಟದಲ್ಲಿ ಚಿತ್ರಿಸಬೇಕು. ನಡುವೆ ನಿಲ್ಲಿಸಿದ ವಿಡಿಯೊ ‘ಆ ಹೊತ್ತಿನಲ್ಲಿ ನೀವೇ ತೆರೆದಿರಬಹುದು’ ಎಂಬ ಮಾತಿಗೆ ದಾರಿ ಮಾಡಿಕೊಡುತ್ತದೆ. ವಿಡಿಯೊ ಮಾಡಿರದಿದ್ದರೂ ದೂರು ಸತ್ತಂತಲ್ಲ; ಕೂಡಲೇ ತೆಗೆದ ಚಿತ್ರಗಳು, ಅದೇ ದಿನ ಕಳಿಸಿದ ಸಂದೇಶ ಇವೂ ಸಾಕ್ಷಿಯೇ. ಮಾರಾಟದ ಪುಟದ ಸ್ಕ್ರೀನ್‌ಶಾಟನ್ನೂ ಆಗಲೇ ತೆಗೆದಿಡಬೇಕು, ಏಕೆಂದರೆ ದೂರು ಹೋದ ಮೇಲೆ ಪುಟ ಬದಲಾಗಬಹುದು.

ಈ ಭಾಗದಲ್ಲಿ ಒಂದು ತೊಡಕು ವಿಶೇಷವಾಗಿದೆ. ಕುಷ್ಟಗಿ, ಯಲಬುರ್ಗಾ ಸುತ್ತಿನ ಹಳ್ಳಿಗಳಿಗೆ ಎಷ್ಟೋ ಸಲ ಪಾರ್ಸೆಲ್ ಮನೆಬಾಗಿಲಿಗೆ ಬರುವುದಿಲ್ಲ. ಡೆಲಿವರಿ ಹುಡುಗ ಫೋನ್ ಮಾಡಿ ಒಟಿಪಿ ಕೇಳಿ, ಪೇಟೆಯ ಪರಿಚಿತರ ಕಿರಾಣಿ ಅಂಗಡಿಯಲ್ಲಿ ಇಟ್ಟುಹೋಗುತ್ತಾನೆ. ಮೊಬೈಲಿನಲ್ಲಿ ಅಂದೇ ‘ತಲುಪಿದೆ’ ಎಂದು ತೋರಿಸುತ್ತದೆ. ಬಾಟಲಿ ಕೈಗೆ ಸಿಗುವುದು ಸಂತೆಗೆ ಹೋದ ದಿನ. ವಾಪಸಿಗೆ ಕೊಟ್ಟಿರುವ ದಿನಗಳು ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತವೆ, ನಡುವಿನ ದಿನಗಳಲ್ಲಿ ಸೀಲು ಒಡೆಯಿತೆಂದು ವಾದಿಸಲೂ ಅವಕಾಶವಾಗುತ್ತದೆ. ಹೀಗಾದಾಗ ಅದನ್ನು ಮುಚ್ಚಿಡದೆ ಪತ್ರದಲ್ಲಿ ಹೇಳಬೇಕು: ಇಂಥ ದಿನ ಅಂಗಡಿಯಲ್ಲಿ ಬಿಟ್ಟುಹೋಗಿದ್ದಾರೆ, ಇಂಥ ದಿನ ಹೊರಡಬ್ಬಿಯ ಟೇಪು ಕಿತ್ತಿರದ ಸ್ಥಿತಿಯಲ್ಲಿ ಕೈಗೆ ಬಂತು. ಟೇಪು ಗಟ್ಟಿಯಾಗಿತ್ತು ಎಂಬ ಆ ಒಂದು ಸಂಗತಿ ನಡುವಿನ ದಿನಗಳ ಸಂದೇಹವನ್ನೆಲ್ಲ ತೆಗೆದುಹಾಕುತ್ತದೆ.

ಬಾಟಲಿಯನ್ನು ಇದ್ದ ಹಾಗೆಯೇ ಇಡಬೇಕು. ಮಾತ್ರೆ ಎಣಿಸಲು ಸುರಿಯುವುದು, ಹಾಳೆಯನ್ನು ಪೂರ್ತಿ ಕಿತ್ತು ನೋಡುವುದು ಬೇಡ. ಹೊರಡಬ್ಬಿ, ಚೀಟಿ, ಬಿಲ್ಲು ಸಮೇತ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಸಿಲು ತಾಗದ ಕಡೆ ಎತ್ತಿಟ್ಟರೆ ಸಾಕು.

ಪತ್ರ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಬಿಲ್ಲಿನಲ್ಲಿದೆ. ಆರ್ಡರ್ ಹಾಕಿದ ಆ್ಯಪ್ ಬಹುಪಾಲು ಒಂದು ಸಂತೆ ಮೈದಾನವಿದ್ದಂತೆ. ಅಲ್ಲಿ ಅಂಗಡಿ ಹಾಕಿದವನು ಬೇರೆ. ಬಿಲ್ಲಿನಲ್ಲಿ ‘ಮಾರಾಟಗಾರ’ ಎಂದು ಯಾರ ಹೆಸರಿದೆಯೋ ಪತ್ರ ಅವರಿಗೆ, ಪ್ರತಿ ಆ್ಯಪ್ ನಡೆಸುವ ಕಂಪನಿಗೆ. ಇ-ವಾಣಿಜ್ಯ ನಿಯಮಗಳ ಪ್ರಕಾರ ಇಬ್ಬರೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ಕಂಪನಿ ಆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಪ್ರಕಟಿಸಿರಬೇಕು. ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರಾಟ ತಾಣವಾದರೆ ದೂರಿಗೊಂದು ಸಂಖ್ಯೆಯನ್ನೂ ಕೊಡಬೇಕು. ಆ್ಯಪಿನ ಚಾಟಿನಲ್ಲಿ ಟೈಪು ಮಾಡಿದ ನಾಲ್ಕು ಸಾಲಿಗೂ ಈ ಅಧಿಕಾರಿಗೆ ಇಮೇಲಿನಲ್ಲಿ ಹೋದ ಪತ್ರಕ್ಕೂ ಬಹಳ ಅಂತರವಿದೆ. ಚಾಟು ಮುಚ್ಚಿದರೆ ಮಾತು ಮುಗಿಯುತ್ತದೆ, ಪತ್ರ ಹೋದರೆ ಗಡುವು ಓಡಲು ಶುರುವಾಗುತ್ತದೆ.

ಸಂಪರ್ಕ ವಿವರವನ್ನು ಕಂಪನಿಯ ತಾಣ ಅಥವಾ ಆ್ಯಪಿನಿಂದಲೇ ತೆಗೆದುಕೊಳ್ಳಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಹಣ ವಾಪಸು ಹಾಕಲು ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಅದನ್ನು ಕೇಳಿದವನು ಕಂಪನಿಯವನಲ್ಲ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಮೇಲಿನ ಉದಾಹರಣೆಗೆ ಪತ್ರ ಬರೆದರೆ ಅದು ಹೀಗಿರಬಹುದು.

ಇವರಿಗೆ, ಕುಂದುಕೊರತೆ ಅಧಿಕಾರಿ, ಬಿಲ್ಲಿನಲ್ಲಿರುವ ಮಾರಾಟಗಾರ ಸಂಸ್ಥೆ.
ಪ್ರತಿ: ಕುಂದುಕೊರತೆ ಅಧಿಕಾರಿ, ಮಾರಾಟ ತಾಣ ನಡೆಸುವ ಕಂಪನಿ.
ದಿನಾಂಕ: 11 ಜೂನ್ 2025.
ವಿಷಯ: ಸೀಲು ಒಡೆದ, ಅವಧಿ ಮುಗಿಯುತ್ತ ಬಂದ ವಿಟಮಿನ್ ಮಾತ್ರೆಯ ಬಾಟಲಿ; 649 ರೂಪಾಯಿ ಮರುಪಾವತಿ ಕೋರಿ.

ಮಾನ್ಯರೇ,
ಜೂನ್ 5ರಂದು ನಿಮ್ಮಿಂದ 60 ಮಾತ್ರೆಗಳ ಒಂದು ಬಾಟಲಿ ಕೊಂಡಿದ್ದೇನೆ. ಆರ್ಡರ್ ಸಂಖ್ಯೆ, ಬಿಲ್ ಸಂಖ್ಯೆ, ಬಾಟಲಿಯ ಬ್ಯಾಚ್ ನಂಬರ್ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ. ಪಾರ್ಸೆಲ್ ಜೂನ್ 10ರ ಸಂಜೆ ತಲುಪಿತು. ಹೊರಡಬ್ಬಿಯ ಟೇಪು ಗಟ್ಟಿಯಾಗಿತ್ತು. ಅಂದೇ ಸಂಜೆ ವಿಡಿಯೊ ತೆಗೆಯುತ್ತ ಬಿಚ್ಚಿದೆ.
ಮೊದಲನೆಯ ದೂರು ಸೀಲಿನದು. ಮುಚ್ಚಳದ ಹೊರಪಟ್ಟಿ ಇರಲಿಲ್ಲ. ಒಳಗಿನ ಬೆಳ್ಳಿ ಹಾಳೆ ಒಂದು ಬದಿಯಲ್ಲಿ ಎರಡು ಬೆರಳಗಲ ಎದ್ದಿತ್ತು. ಬಾಟಲಿಯಿಂದ ಒಂದು ಮಾತ್ರೆಯನ್ನೂ ತೆಗೆದಿಲ್ಲ.
ಎರಡನೆಯ ದೂರು ಅವಧಿಯದು. ಲೇಬಲ್ಲಿನಂತೆ ತಯಾರಿಕೆ ಆಗಸ್ಟ್ 2023, ಅವಧಿ ಜುಲೈ 2025. 24 ತಿಂಗಳ ಬಾಳಿಕೆಯಲ್ಲಿ ನನಗೆ ಸಿಕ್ಕಿದ್ದು 51 ದಿನ. ಲೇಬಲ್ ಹೇಳಿದಂತೆ ದಿನಕ್ಕೊಂದು ತೆಗೆದುಕೊಂಡರೂ ಅವಧಿಯೊಳಗೆ 60 ಮಾತ್ರೆ ಮುಗಿಯುವುದಿಲ್ಲ. ನಿಮ್ಮ ಮಾರಾಟದ ಪುಟದಲ್ಲಿ ಅವಧಿಯ ದಿನಾಂಕ ತೋರಿಸಿರಲಿಲ್ಲ.
2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು ವಾಪಸು ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆದ್ದರಿಂದ 649 ರೂಪಾಯಿಯನ್ನು, ನಾನು ಪಾವತಿ ಮಾಡಿದ ಖಾತೆಗೇ, ಮರಳಿಸಬೇಕೆಂದು ಕೋರುತ್ತೇನೆ. ಬದಲಿ ಬಾಟಲಿಯಾಗಲಿ ಕೂಪನ್ ಆಗಲಿ ಬೇಡ. ಬಾಟಲಿಯನ್ನು ನೀವೇ ಬಂದು ಒಯ್ಯುವ ವ್ಯವಸ್ಥೆ ಮಾಡಬೇಕು. ನಮ್ಮ ಪಿನ್‌ಕೋಡಿಗೆ ಆ ಸೌಕರ್ಯ ಇಲ್ಲದಿದ್ದರೆ ಅದನ್ನು ಬರಹದಲ್ಲಿ ತಿಳಿಸಿ ಹಣ ಮರಳಿಸಬೇಕು. 48 ಗಂಟೆಯೊಳಗೆ ಸ್ವೀಕೃತಿಯನ್ನೂ ಜುಲೈ 11ರೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ.
ಲಗತ್ತು: ಬಿಲ್ಲು, ಐದು ಚಿತ್ರ, ವಿಡಿಯೊ, ಮಾರಾಟದ ಪುಟದ ಸ್ಕ್ರೀನ್‌ಶಾಟ್.

ಪತ್ರ ಇಷ್ಟೇ. ಇದರಲ್ಲಿ ಬೈಗುಳವಿಲ್ಲ, ‘ನನ್ನ ಜೀವಕ್ಕೆ ಅಪಾಯವಾಗುತ್ತಿತ್ತು’ ಎಂಬ ಮಾತಿಲ್ಲ, ಕೋರ್ಟಿಗೆ ಎಳೆಯುವ ಬೆದರಿಕೆಯೂ ಇಲ್ಲ. ಕೇಳಿರುವುದು ಒಂದೇ ಪರಿಹಾರ. ‘ಹಣ ಕೊಡಿ ಇಲ್ಲವೇ ಬದಲಿ ಕೊಡಿ’ ಎಂದು ಎರಡು ಬಾಗಿಲು ತೆರೆದಿಟ್ಟರೆ ಕಂಪನಿ ತನಗೆ ಅಗ್ಗವಾದುದನ್ನೇ ಆರಿಸಿಕೊಳ್ಳುತ್ತದೆ, ಅದೇ ಬ್ಯಾಚಿನ ಇನ್ನೊಂದು ಬಾಟಲಿ ಬಂದರೂ ಬರಬಹುದು. ಬ್ಯಾಚ್ ನಂಬರನ್ನು ಮರೆಯಬಾರದು. ಆ ಒಂದು ನಂಬರಿನಿಂದಲೇ ಗೋದಾಮಿನಲ್ಲಿರುವ ಉಳಿದ ಬಾಟಲಿಗಳನ್ನು ಗುರುತಿಸಲು ಸಾಧ್ಯ.

ಬರುವ ಉತ್ತರಗಳಲ್ಲಿ ಹೆಚ್ಚು ಕೇಳಿಬರುವುದು ‘ಈ ವರ್ಗದ ವಸ್ತುಗಳಿಗೆ ವಾಪಸಾತಿ ಇಲ್ಲ’ ಎಂಬುದು. ಬಾಯಿಗೆ ಹೋಗುವ ವಸ್ತುಗಳನ್ನು ಮನಸ್ಸು ಬದಲಾಯಿತೆಂದು ಹಿಂತಿರುಗಿಸಲು ಬಿಡದಿರುವುದು ನ್ಯಾಯವೇ. ಬಿಟ್ಟರೆ ತೆರೆದ ಬಾಟಲಿಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಆದರೆ ಕಂಪನಿಯ ಆ ನೀತಿ ದೋಷವಿರುವ ವಸ್ತುವಿಗೆ ಸಲ್ಲುವುದಿಲ್ಲ. ಕೇಂದ್ರದ ನಿಯಮ ಕಂಪನಿಯ ನೀತಿಗಿಂತ ಮೇಲಿನದು. ವಾಪಸಿನ ದಿನಗಳು ಮುಗಿದವು ಎಂಬ ಉತ್ತರಕ್ಕೂ ಇದೇ ಮಾತು ಅನ್ವಯಿಸುತ್ತದೆ, ಆದರೂ ತಡವಾದಷ್ಟೂ ಸೀಲು ಮನೆಯಲ್ಲೇ ಒಡೆಯಿತು ಎಂಬ ವಾದಕ್ಕೆ ಬಲ ಬರುತ್ತದೆ. ಸಾಗಣೆಯಲ್ಲಿ ಒಡೆದಿರಬಹುದು ಎಂದರೆ ಅದನ್ನು ಒಪ್ಪಿಕೊಂಡೇ ಉತ್ತರಿಸಬಹುದು: ಕೊರಿಯರನ್ನು ಗೊತ್ತುಮಾಡಿದವರು ನೀವು, ಅವರ ಜೊತೆಗಿನ ಲೆಕ್ಕವನ್ನು ನೀವೇ ನೋಡಿಕೊಳ್ಳಬೇಕು. ಆ್ಯಪಿನ ವಾಲೆಟ್ಟಿಗೆ ಹಣ ಹಾಕುತ್ತೇವೆ ಎಂದರೆ ಒಪ್ಪಲೇಬೇಕೆಂದಿಲ್ಲ. ಒಪ್ಪಿದರೆ ದೂರು ಅಲ್ಲಿಗೆ ಮುಗಿದಂತೆ ಎಂದು ತಿಳಿದು ಒಪ್ಪಬೇಕು. ಬಾಟಲಿ ಒಯ್ಯಲು ಹುಡುಗ ಬಂದರೆ, ಕೊಡುವ ಮೊದಲು ಇನ್ನೊಮ್ಮೆ ಚಿತ್ರ ತೆಗೆದು, ಒಯ್ದುದಕ್ಕೆ ರಸೀದಿ ಅಥವಾ ಸಂದೇಶ ಪಡೆದೇ ಕೊಡಬೇಕು.

ಒಂದು ತಿಂಗಳಾದರೂ ಪರಿಹಾರ ಬಾರದಿದ್ದರೆ ಮುಂದಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಸಹಾಯವಾಣಿ ತೀರ್ಪು ಕೊಡುವ ನ್ಯಾಯಪೀಠವಲ್ಲ. ದೂರನ್ನು ಕಂಪನಿಗೆ ದಾಟಿಸಿ ರಾಜಿಗೆ ಯತ್ನಿಸುತ್ತದೆ. ಆದರೂ ಕೆಲವು ನೂರು ರೂಪಾಯಿಗಳ ದೂರುಗಳಿಗೆ ಇದೇ ಹೆಚ್ಚು ಉಪಯೋಗದ ಬಾಗಿಲು. ಫೋನ್ ಮಾಡುವಾಗ ಪತ್ರ ಕಳಿಸಿದ ದಿನಾಂಕ ಮತ್ತು ದೂರಿನ ಸಂಖ್ಯೆ ಕೈಯಲ್ಲಿರಬೇಕು.

ಆಹಾರ ಸುರಕ್ಷತೆಯ ದೂರನ್ನು ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಕೊಡಬಹುದು, ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಬರೆದುಕೊಡಬಹುದು. ಇದರ ಮಿತಿಯನ್ನೂ ತಿಳಿದಿರಬೇಕು. ಸೀಲು ಒಡೆದ ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರೆಯಲ್ಲಿ ಏನಿದೆ ಎಂದು ತಿಳಿದೀತೇ ಹೊರತು ಸೀಲನ್ನು ಯಾರು ಒಡೆದರು ಎಂದು ತಿಳಿಯದು. ಗ್ರಾಹಕನೇ ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಲು 2006ರ ಕಾಯ್ದೆಯ 40ನೇ ಕಲಮಿನಲ್ಲಿ ಅವಕಾಶವಿದೆ, ಆದರೆ ಪರೀಕ್ಷೆಗೆ ಕೊಡುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕೆಂಬ ಷರತ್ತಿದೆ. ಮೊಬೈಲಿನಲ್ಲಿ ಕೊಂಡವನಿಗೆ ಇದು ಕೈಗೂಡುವ ದಾರಿಯಲ್ಲ. ಅಧಿಕಾರಿಗಳು ಮಾಡಬಲ್ಲ ಕೆಲಸ ಬೇರೆ: ಅದೇ ಬ್ಯಾಚಿನ ಸೀಲು ಗಟ್ಟಿಯಿರುವ ಬಾಟಲಿಗಳನ್ನು ಗೋದಾಮಿನಲ್ಲಿ ಮಾದರಿಯಾಗಿ ತೆಗೆಯುವುದು. ಈ ದೂರಿನಿಂದ 649 ರೂಪಾಯಿ ಬರುವುದಿಲ್ಲ, ಇತರರ ಮನೆಗೆ ಹೋಗಬೇಕಿದ್ದ ಬಾಟಲಿಗಳು ತಡೆಯಲ್ಪಡಬಹುದು. ಎರಡು ದೂರನ್ನೂ ಬೇರೆಬೇರೆಯಾಗಿ ಕೊಡುವುದು ಒಳ್ಳೆಯದು.

ಕೊನೆಯ ಬಾಗಿಲು ಕೊಪ್ಪಳದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 1986ರ ಹಳೆಯ ಕಾಯ್ದೆಯಲ್ಲಿ, ಎದುರಾಳಿ ಇರುವ ಅಥವಾ ವ್ಯವಹಾರ ನಡೆದ ಊರಿನಲ್ಲಿ ದೂರು ಹಾಕಬೇಕಿತ್ತು. ದೂರದ ಮಹಾನಗರದ ಕಂಪನಿ ಇದನ್ನೇ ಹಿಡಿದು ‘ನಿಮ್ಮ ಜಿಲ್ಲೆಗೆ ಅಧಿಕಾರವಿಲ್ಲ’ ಎಂದು ವಾದಿಸುತ್ತಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ, ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಲು ಅವಕಾಶ ಮಾಡಿತು. ಗಂಗಾವತಿಯವರಾಗಲಿ ಕುಷ್ಟಗಿಯವರಾಗಲಿ ಕೊಪ್ಪಳಕ್ಕೇ ಬಂದರೆ ಸಾಕು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಮನೆಯಿಂದಲೇ ಸಲ್ಲಿಸುವುದಾದರೆ 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣವಿದೆ, ವಿಡಿಯೊ ಮೂಲಕ ವಿಚಾರಣೆಗೂ ಕೋರಬಹುದು. ನೋಟಿಸು ತಲುಪಿದ ಮೇಲೆ ಎದುರಾಳಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು.

649 ರೂಪಾಯಿಗಾಗಿ ಆಯೋಗದವರೆಗೆ ಹೋಗಬೇಕೇ ಎಂಬುದು ಆಯಾ ಮನೆಯವರು ನಿರ್ಧರಿಸಬೇಕಾದ ವಿಷಯ. ದಿನದ ಕೂಲಿ, ಬಸ್ಸಿನ ಖರ್ಚು ಎಲ್ಲವನ್ನೂ ತೂಗಬೇಕಾಗುತ್ತದೆ. ಹೋಗುವುದಾದರೆ ಆಯೋಗದ ಮುಂದಿಡಬೇಕಾದ ಮೊದಲ ಕಾಗದ ಜೂನ್ 11ರ ಆ ಪತ್ರವೇ. ಅದರ ಹಿಂದೆ ಬಿಲ್ಲು, ಚಿತ್ರಗಳು, ಸ್ವೀಕೃತಿ, ಕಂಪನಿಯ ಉತ್ತರ, ಸಹಾಯವಾಣಿಯ ದೂರಿನ ಸಂಖ್ಯೆ ಈ ಕ್ರಮದಲ್ಲಿ ಜೋಡಿಸಿ, ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಇದಾಗಬೇಕು. ಉದಾಹರಣೆಯ ಬಾಟಲಿಯ ಮಟ್ಟಿಗೆ 2027ರ ಜೂನ್ 10ರೊಳಗೆ.